ವರದಿಯಲ್ಲಿ ‘-ಲ್ಪಟ್ಟಿತು’ ಎಲ್ಲಾ ಕಡೆ ತೆಗೆಯಬೇಕೆ?

ಕೆಂಪುಮಣ್ಣು: ಮಣ್ಣು ಪರೀಕ್ಷೆಯ ವರದಿ ಕನ್ನಡದಲ್ಲಿ ಬರೆದಿದ್ದೇನೆ. ಕರ್ಮಣಿ ಪ್ರಯೋಗ ಪೂರ್ತಿ ತೆಗೆಯಿರಿ ಅಂತ ಪರಿಶೀಲಕರ ಷರಾ ಬಂದಿದೆ. ತುಣುಕು ಇದು:

“ಮಾದರಿಗಳು ಸಂಗ್ರಹಿಸಲ್ಪಟ್ಟು, ನೆರಳಿನಲ್ಲಿ ಒಣಗಿಸಲ್ಪಟ್ಟು, 2 ಮಿ.ಮೀ. ಜರಡಿಯಲ್ಲಿ ಸೋಸಲ್ಪಟ್ಟವು. 10 ಗ್ರಾಂ ಮಣ್ಣಿಗೆ 25 ಮಿ.ಲೀ. ನೀರು ಸೇರಿಸಲ್ಪಟ್ಟು ಪಿಎಚ್ ಅಳೆಯಲ್ಪಟ್ಟಿತು. ಸುಣ್ಣದ ಕೊರತೆಯೇ ಹುಳಿಮಣ್ಣಿಗೆ ಕಾರಣವೆಂದು ಭಾವಿಸಲಾಗಿದೆ.”

ನೇರನುಡಿ: ಷರಾ ಸರಿಯಾಗಿದೆ. ಎಲ್ಲಾ ಕಡೆ ‘ನಾವು’ ಹಾಕಿ, ಮುಗೀತು.

ಕರಡುಪ್ರತಿ: ಅಷ್ಟು ಸುಲಭವಿಲ್ಲ. ‘-ಲ್ಪಟ್ಟಿತು’ ಹೋಗಲಿ, ನಮ್ಮ ಕಿವಿಗೆ ಅದು ಒಗ್ಗುವುದಿಲ್ಲ. ಆದರೆ ಒಣಗಿಸಿದವರು ಯಾರಾದರೂ ಫಲಿತಾಂಶ ಬದಲಾಗದ ಕಡೆ ‘-ಲಾಯಿತು’ ಸರಿಯಾದ ಆಯ್ಕೆ: “ಮಣ್ಣನ್ನು ನೆರಳಿನಲ್ಲಿ ಒಣಗಿಸಿ, 2 ಮಿ.ಮೀ. ಜರಡಿ ಹಿಡಿಯಲಾಯಿತು. ಅದರಲ್ಲಿ 10 ಗ್ರಾಂಗೆ 25 ಮಿ.ಲೀ. ಬಟ್ಟಿ ಇಳಿಸಿದ ನೀರು ಬೆರೆಸಿ, ಆಗಾಗ ಕಲಕುತ್ತ ಅರ್ಧ ಗಂಟೆ ಬಿಟ್ಟು ಪಿಎಚ್ ಅಳೆಯಲಾಯಿತು.” ಓದುವವರ ಕಣ್ಣು ಮಣ್ಣಿನ ಮೇಲೇ ಇರುತ್ತದೆ. ಚಿಕ್ಕದು ಮಾಡಲು ಹೋಗಿ “ಮಣ್ಣು ಒಣಗಿತು” ಅಂತ ಮಾತ್ರ ಬರೆಯಬೇಡಿ, ತಾನಾಗಿ ಒಣಗಿದ ಹಾಗಾಗುತ್ತದೆ.

ಕೊನೆಯ ವಾಕ್ಯವೇ ನಿಜವಾದ ತೊಂದರೆ. ಭಾವಿಸಿದವರು ಯಾರು? ನೀವೋ, ಹಿಂದಿನ ಸಂಶೋಧಕರೋ? ನಿಮ್ಮದೇ ಊಹೆಯಾದರೆ “ಕಾರಣವಿರಬಹುದು ಎಂದು ನಾವು ಊಹಿಸುತ್ತೇವೆ” ಅನ್ನಿ. ಬೇರೆಯವರದಾದರೆ ಆಕರ ಕೊಡಿ. ಸುಣ್ಣದ ಅಂಶವನ್ನು ನೀವು ಅಳೆದೇ ಇಲ್ಲದಿದ್ದರೆ ಆ ‘-ಏ’ಕಾರವೂ ಹೋಗಬೇಕು.

ಬಯಲುಸೀಮೆ: ನನ್ನ ಮೀಟರಿನಲ್ಲೂ ಪಿಎಚ್ ನಿಲ್ಲುತ್ತಲೇ ಇಲ್ಲ, ಅಂಕಿ ಜಾರುತ್ತಲೇ ಇದೆ. 4 ಮತ್ತು 7ರ ಬಫರ್ ಎರಡನ್ನೂ ಹಾಕಿ ನೋಡಿದೆ.

ಕರಡುಪ್ರತಿ: ಸರ್, ಇಲ್ಲಿ ವಾಕ್ಯದ ವಿಷಯ ನಡೀತಿದೆ. ಮೀಟರಿಗೆ ಬೇರೆ ಎಳೆ ತೆರೆಯಿರಿ, ಎಲೆಕ್ಟ್ರೋಡ್ ಒಣಗಿದೆಯಾ ಮೊದಲು ನೋಡಿ.

@ಕೆಂಪುಮಣ್ಣು, ಮಾದರಿ ತೆಗೆದವರು ಯಾರು?

ಕೆಂಪುಮಣ್ಣು: ರೈತರೇ ತಂದುಕೊಟ್ಟರು. ಎರಡು ತಾಲ್ಲೂಕಿನವರು.

ಕರಡುಪ್ರತಿ: ಹಾಗಾದರೆ ಅಲ್ಲಿ ‘ಸಂಗ್ರಹಿಸಲಾಯಿತು’ ಕೂಡ ಸಲ್ಲದು. ಒಬ್ಬರು 15 ಸೆಂ.ಮೀ. ಆಳಕ್ಕೆ ಅಗೆದಿರಬಹುದು, ಇನ್ನೊಬ್ಬರು ಗೊಬ್ಬರದ ಗುಂಡಿ ಪಕ್ಕ ಮೇಲ್ಮಣ್ಣು ಕೆರೆದಿರಬಹುದು. ಪಿಎಚ್ ವ್ಯತ್ಯಾಸ ಹೊಲದ್ದೋ ಅಗೆದ ರೀತಿಯದ್ದೋ ಓದುವವರಿಗೆ ಗೊತ್ತಾಗಬೇಕು. “ಮಾದರಿಗಳನ್ನು ರೈತರೇ ತೆಗೆದು ತಂದರು” ಎಂದು ಬರೆದು, ಆಳದ ಬಗ್ಗೆ ಸೂಚನೆ ಕೊಟ್ಟಿದ್ದಿರೋ ಇಲ್ಲವೋ ಸೇರಿಸಿ. ಮಣ್ಣಿನ ಬಣ್ಣವನ್ನು ಪಟ್ಟಿಗೆ ಕಣ್ಣಲ್ಲೇ ಹೋಲಿಸಿದ್ದರೆ ಅಲ್ಲೂ ನೋಡಿದವರು ಒಬ್ಬರೋ ಇಬ್ಬರೋ ಹೇಳಬೇಕು.

ನೇರನುಡಿ: ಒಪ್ಪಿದೆ. ಆದರೂ ಪ್ರಯೋಗದ ಭಾಗಕ್ಕೆ ‘-ಲಾಯಿತು’ ಏಕೆ? “ಒಣಗಿಸಿ ಅಳೆದೆವು” ಅಂದರೆ ‘ನಾವು’ ಹಾಕದೆಯೂ ಕರ್ತರಿ ಆಗುತ್ತದಲ್ಲ, ಚಿಕ್ಕದೂ ಹೌದು.

ಕರಡುಪ್ರತಿ: ಆಗುತ್ತದೆ, ಒಳ್ಳೆಯ ಮಾತು. ಒಂದು ಪುಟ ಪೂರ್ತಿ ‘-ಎವು, -ಎವು’ ಓದಲು ನನಗೆ ಬೇಸರ, ಅಷ್ಟೇ. ಕೆಲವು ಸಂಪಾದಕರು ಅದನ್ನೇ ಕೇಳುತ್ತಾರೆ.

ಕೆಂಪುಮಣ್ಣು: ವರದಿ ಬರೆದವಳು ನಾನೊಬ್ಬಳೇ. ‘ಅಳೆದೆವು’ ಅಂತ ಬರೆಯಲೋ, ‘ಅಳೆದೆ’ ಅನ್ನಲೋ?