ಸಹಾಯ ಬೇಕು: ದಟ್ಟ ಮರಗಳಡಿಯ ಪೊದೆಯನ್ನು ಲೈಡಾರ್‌ನಲ್ಲಿ ಅಳೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಬಾರ್ಟ್ಲೆಟ್ ಕಾಡಿನ ಮೇಲೆ ಕೆಲಸ ಮಾಡುತ್ತಿದ್ದೇನೆ. NEON ಅನ್ನೋ ಪರಿಸರ ವೀಕ್ಷಣಾ ಜಾಲದ ವಿಮಾನದ ಲೇಸರ್ ಡೇಟಾ, ಅಲ್ಲಿನ ಹಕ್ಕಿ ಎಣಿಕೆ ಎರಡೂ ಉಚಿತವಾಗಿ ಸಿಗುತ್ತವೆ. ನನ್ನ ಹಕ್ಕಿ ಬ್ಲ್ಯಾಕ್ ಥ್ರೋಟೆಡ್ ಬ್ಲೂ ವಾರ್ಬ್ಲರ್. ಇದು ಗೂಡು ಕಟ್ಟೋದು ಹೆಚ್ಚಾಗಿ ಸೊಂಟಕ್ಕಿಂತ ಕೆಳಗಿನ ಪೊದೆಯಲ್ಲಿ. ಹಾಗಾಗಿ ಮರದ ತುದಿಯ ಎತ್ತರವೊಂದೇ ಸಾಲದು.

ಮೊದಲು ನೆಲದಿಂದ 0.5ರಿಂದ 3 ಮೀಟರ್ ಎತ್ತರದ ಲೇಸರ್ ಬಿಂದುಗಳನ್ನು ಒಟ್ಟು ಬಿಂದುಗಳಿಂದ ಭಾಗಿಸಿದೆ. ದಟ್ಟ ಮರದಡಿ ಪೊದೆಯೇ ಇಲ್ಲ ಅಂತ ಬಂತು. ಅದೇ ಜಾಗದ ಫೋಟೋದಲ್ಲಿ ನೋಡಿದರೆ ಹಾಬಲ್‌ಬುಷ್ ಪೊದೆ ಒತ್ತಾಗಿ ಬೆಳೆದಿದೆ! ಮೇಲಿನ ಎಲೆಗಳೇ ಜಾಸ್ತಿ ಲೇಸರ್ ತಡೆದುಬಿಡುತ್ತವೆ, ಅಲ್ವಾ? ಅದಕ್ಕೆ ಈಗ ಕೆಳಗೆ ತಲುಪಿದ ಬಿಂದುಗಳಿಂದ ಮಾತ್ರ ಭಾಗಿಸುತ್ತಿದ್ದೇನೆ, Z ಅಂದರೆ ನೆಲದಿಂದ ಬಿಂದುವಿನ ಎತ್ತರ:

```r
sum(Z > 0.5 & Z <= 3) / sum(Z <= 3)
```

ಇದು ವಾಸಿ. ಆದರೆ 10 ಮೀಟರ್ ಚೌಕದಲ್ಲಿ ಕೆಲವು ಕಡೆ ಕೆಳಗೆ ಎಂಟೇ ಬಿಂದು ಉಳಿಯುತ್ತವೆ. ಒಂದು ಬಿಂದು ಆಚೀಚೆ ಆದರೂ ಉತ್ತರ ಬದಲಾಗುತ್ತದೆ. ಚೌಕವನ್ನು 30 ಮೀಟರ್ ಮಾಡಿದರೆ, ಬಿದ್ದ ಮರದ ಸಂದಿಯಲ್ಲಿ ಬೆಳೆದ ಪೊದೆ ಸರಾಸರಿಯಲ್ಲಿ ಕರಗಿಹೋಗುತ್ತದೆ. ನನಗೆ ಬೇಕಾದದ್ದೇ ಆ ಪೊದೆ.

ಬಿಂದು ಕಡಿಮೆಯಿರುವ ಚೌಕಗಳನ್ನು ಬಿಟ್ಟುಬಿಡಲೇ, ಇಲ್ಲ ಹಕ್ಕಿಯ ಮಾಡೆಲ್‌ನಲ್ಲಿ ಅವಕ್ಕೆ ಕಡಿಮೆ ತೂಕ ಕೊಡಲೇ? ಬಿಟ್ಟರೆ ದಟ್ಟ ಕಾಡೇ ಲೆಕ್ಕದಿಂದ ಹೋಗುತ್ತದೆ ಅನ್ನೋ ಭಯ. ಎಲೆ ಉದುರಿದ ಕಾಲದ ಡೇಟಾ ಬಳಸಿದವರು ಇದ್ದರೆ ದಯವಿಟ್ಟು ತಿಳಿಸಿ.