ಹಳೇ ಸ್ಕೀಮಿನ ಒಂದು ಬ್ಯಾಕ್ ಉಳಿದಿದೆ, ಹೊಸ ಸಿಲಬಸ್ ಓದಬೇಕಾ?

ಕೇಳಿದವರು (ದಾವಣಗೆರೆ): ನನ್ನ ತಮ್ಮ 2020ರ ಅಡ್ಮಿಶನ್, ವಿಟಿಯು 2018 ಸ್ಕೀಮ್. ಎಲ್ಲಾ ಮುಗೀತು, ಮೂರನೇ ಸೆಮಿಸ್ಟರಿನ ಗಣಿತ 18MAT31 ಒಂದೇ ಉಳಿದೈತೆ. ಇಂಟರ್ನಲ್ 18 ಇದೆ. ಕಾಲೇಜಲ್ಲಿ ಈಗ ಆ ಸಿಲಬಸ್ ಯಾರೂ ಪಾಠ ಮಾಡಲ್ಲ. ಹೊಸ ಸ್ಕೀಮಿನ ನೋಟ್ಸ್ ಓದಿದ್ರೆ ಆಗುತ್ತಾ? ಇಂಟರ್ನಲ್ ಮತ್ತೆ ಬರೀಬೇಕಾ? ಅನುಭವ ಇರೋರು ತಿಳಿಸ್ರಿ.

ಹೊಳಲ್ಕೆರೆ ಸಿವಿಲ್: ಅಕ್ಕ, ಮೊದಲು ಇಂಟರ್ನಲ್ ನೋಡ್ರಿ. ಕನಿಷ್ಠ 20 ಇರಬೇಕು, 18 ಇದ್ರೆ ಎಕ್ಸಾಂಗೇ ಕೂರಿಸಲ್ಲ. ನಮ್ಮ ಬ್ಯಾಚಿನಲ್ಲಿ ಇಬ್ಬರಿಗೆ ಹಿಂಗೇ ಆಯ್ತು, ಇಂಟರ್ನಲ್ ಮತ್ತೆ ಬರೆದೇ ಎಕ್ಸಾಂಗೆ ಹೋದರು. ಎಕ್ಸ್‌ಟರ್ನಲ್ ಮಾತ್ರ ಹಳೇ ಕೋಡಿನಲ್ಲೇ ಬರುತ್ತೆ, ಅದು ಖಾತ್ರಿ.

ಗಣಿತ ಮೇಷ್ಟ್ರು, ದಾವಣಗೆರೆ: ಹಳೇ ಕೋಡಿನ ಮಾತು ಸರಿ, 20ರ ಮಾತು ತಪ್ಪು. 20 ಬೇಕಾಗೋದು 2021ರ ಸ್ಕೀಮಿನಿಂದ. ಅಲ್ಲಿ ಇಂಟರ್ನಲ್ 50ಕ್ಕೆ, ಅದರ ಶೇ. 40 ಅಂದರೆ 20. 2018ರಲ್ಲಿ ಇಂಟರ್ನಲ್ 40ಕ್ಕೆ, ಕನಿಷ್ಠ 16. ನಿಮ್ಮ ತಮ್ಮನಿಗೆ 18 ಇದೆ, ಅದು ಹಾಗೇ ಉಳಿಯುತ್ತೆ. ಮತ್ತೆ ಬರೆಯೋದು ಬೇಡ.

ಇನ್ನು ಲೆಕ್ಕ. ಪೇಪರ್ 100ಕ್ಕೆ ಬರೆದು 60ಕ್ಕೆ ಇಳಿಸುತ್ತಾರೆ. ಎಕ್ಸ್‌ಟರ್ನಲ್‌ನಲ್ಲಿ ಕನಿಷ್ಠ 21 ಬೇಕು, ಅಂದರೆ ಪೇಪರಿನಲ್ಲಿ 35. ಇಂಟರ್ನಲ್ ಸೇರಿಸಿ ಒಟ್ಟು 40 ಕೂಡ ಆಗಬೇಕು. 18 ಇದ್ದವನಿಗೆ ಇನ್ನೂ 22 ಬೇಕಲ್ಲ, ಅದಕ್ಕೆ ಪೇಪರಿನಲ್ಲಿ 37 ತೆಗೀಬೇಕು. 35 ತೆಗೆದೂ ಫೇಲ್ ಆದವರು ಇದೇ ಕಾರಣಕ್ಕೆ ಫೇಲ್ ಆಗಿರ್ತಾರೆ. ಇಂಟರ್ನಲ್ ಬರೀ 16 ಇದ್ದವರಿಗೆ ಪೇಪರಿನಲ್ಲೇ 40 ಬೇಕು.

ಹಳೇ ಬ್ಯಾಚು 2010 (ಚಿತ್ರದುರ್ಗ): 35, 37 ಅಂತ ಇಷ್ಟೊಂದು ಚಿಂತೆ ಯಾಕ್ರೀ? 2010ರ ಸ್ಕೀಮ್ ನೋಡಿದ್ದೀರಾ? ಇಂಟರ್ನಲ್ 25, ಪೇಪರ್ 100, ಒಟ್ಟು 125. ಪೇಪರಿನಲ್ಲಿ 35, ಒಟ್ಟು 50 ಬೇಕು. 10MAT31ರಲ್ಲಿ ಎಂಟು ಪ್ರಶ್ನೆ, ಭಾಗ ಎ ನಾಲ್ಕು, ಭಾಗ ಬಿ ನಾಲ್ಕು. ಐದು ಬರೀಬೇಕು, ಪ್ರತಿ ಭಾಗದಿಂದ ಕನಿಷ್ಠ ಎರಡು. ನಾನು ಭಾಗ ಬಿಯ ಮೂರು ನ್ಯೂಮರಿಕಲ್ ಮೆಥಡ್ಸ್, ಒಂದು ಝಡ್ ಟ್ರಾನ್ಸ್‌ಫಾರ್ಮ್, ಒಟ್ಟು ನಾಲ್ಕೂ ಬರೆದೆ. ಭಾಗ ಎ ಇಂದ ಒಂದೇ. ಐದರಲ್ಲಿ ನಾಲ್ಕೇ ಲೆಕ್ಕಕ್ಕೆ ಬಂತು, ಇಂಟರ್ನಲ್ 8 ಇತ್ತು, ಪೇಪರಿನಲ್ಲಿ 42 ಬೇಕಿತ್ತು, 39 ಬಂತು. ಮೂರು ಅಂಕಕ್ಕೆ ಅರ್ಧ ವರ್ಷ ಹೋಯ್ತು. ಆಗ 2015ರ ಸ್ಕೀಮಿನ ಜೂನಿಯರ್‌ಗಳಿಗೆ 80ಕ್ಕೆ ಪೇಪರ್, ಮಾಡ್ಯೂಲ್‌ಗೆ 16 ಅಂಕ. ಅವರ ಪ್ರಶ್ನೆಪತ್ರಿಕೆ ನೋಡಿ ಮಾಡ್ಯೂಲ್ ಲೆಕ್ಕದಲ್ಲಿ ತಯಾರಾಗಿದ್ದೇ ನನ್ನ ತಪ್ಪು. ಈಗಿನವರಿಗೆ ಎಲ್ಲಾ ಸುಲಭ.

ಹೊಳಲ್ಕೆರೆ ಸಿವಿಲ್: ಸುಲಭ ಅಂತ ನೀವು ಹೇಳೋದು ಬೇಡ ಸರ್. ನಿಮಗೆ ಎಂಟರಲ್ಲಿ ಐದು ಆರಿಸೋ ಅವಕಾಶ ಇತ್ತು. ಇವರಿಗೆ ಮಾಡ್ಯೂಲ್‌ಗೆ ಒಂದು ಕಡ್ಡಾಯ, ಒಂದು ಮಾಡ್ಯೂಲ್ ಬಿಟ್ರೆ 20 ಅಂಕ ಹೋದಂಗೆ.

ಹಳೇ ಬ್ಯಾಚು 2010: ಬಿಟ್ಟರೂ 80ಕ್ಕೆ ಬರೆಯಬಹುದಲ್ಲ. ನೀವು ಇಂಟರ್ನಲ್ ವಿಷಯದಲ್ಲಿ ತಪ್ಪು ಹೇಳಿ ಒಬ್ಬರನ್ನ ಹೆದರಿಸಿದ್ದೀರಿ, ಮೊದಲು ಅದನ್ನ ಸರಿಮಾಡ್ರಿ.

ಡಿಪ್ಲೊಮಾ ಹುಡುಗ, ಹಿರಿಯೂರು: ನಿಮ್ಮ ತಮ್ಮ ಲ್ಯಾಟರಲ್ ಎಂಟ್ರಿನಾ ಅಕ್ಕ? ಹಂಗಿದ್ರೆ 18MATDIP31 ಕೂಡ ನೋಡ್ರಿ. ಕ್ರೆಡಿಟ್ ಸೊನ್ನೆ, ಸಿಜಿಪಿಎಗೆ ಸೇರಲ್ಲ ಅಂತ ನಾನು ಕೊನೇ ಸೆಮಿಸ್ಟರ್ ತನಕ ಕಡೆಗಣಿಸಿದೆ. ಪಾಸ್ ಆಗದೆ ಡಿಗ್ರಿ ಕೊಡಲ್ಲ. ಅದರ ಪೇಪರ್ ಬೇರೆ, ಕಾಂಪ್ಲೆಕ್ಸ್ ನಂಬರ್, ವೆಕ್ಟರ್, ಇಂಟಿಗ್ರೇಶನ್ ಅಂತ ಪಿಯುಸಿ ಮಟ್ಟದಿಂದ ಶುರು. ಇದಕ್ಕೂ 18MAT31ಕ್ಕೂ ನೋಟ್ಸ್ ಕೂಡಲ್ಲ.

ಕೇಳಿದವರು: ಅಲ್ಲಪ್ಪ, ಅವನು ಪಿಯುಸಿ ಮುಗಿಸಿ ಸೇರಿದವನು. ಮೇಷ್ಟ್ರೇ, ಹೊಸ ನೋಟ್ಸಿನ ಬಗ್ಗೆ ಹೇಳ್ರಿ.

ಗಣಿತ ಮೇಷ್ಟ್ರು, ದಾವಣಗೆರೆ: ಇಲ್ಲೇ ಹುಡುಗರು ಕಳಕೊಳ್ಳೋದು. 21MAT31ಕ್ಕೂ ಹೆಸರು ಅದೇ, ಟ್ರಾನ್ಸ್‌ಫಾರ್ಮ್ ಕ್ಯಾಲ್ಕುಲಸ್, ಫೋರಿಯರ್ ಸೀರೀಸ್. ಲ್ಯಾಪ್ಲಾಸ್, ಫೋರಿಯರ್, ಝಡ್ ಟ್ರಾನ್ಸ್‌ಫಾರ್ಮ್, ಕೊನೇ ಮಾಡ್ಯೂಲಿನ ಕ್ಯಾಲ್ಕುಲಸ್ ಆಫ್ ವೇರಿಯೇಶನ್ಸ್ ಬಹುಪಾಲು ಹೊಂದುತ್ತೆ. ನಾಲ್ಕನೇ ಮಾಡ್ಯೂಲ್ ಹೊಂದಲ್ಲ. 2021ರಲ್ಲಿ ಅಲ್ಲಿ ಪಾರ್ಶಿಯಲ್ ಡಿಫರೆನ್ಷಿಯಲ್ ಸಮೀಕರಣಗಳ ನ್ಯೂಮರಿಕಲ್ ಪರಿಹಾರ ಇದೆ. 2018ರಲ್ಲಿ ಟೇಲರ್, ಮಾಡಿಫೈಡ್ ಆಯ್ಲರ್, ರುಂಗೆ ಕುಟ್ಟಾ, ಮಿಲ್ನೆ, ಆಡಮ್ಸ್ ಬ್ಯಾಶ್‌ಫೋರ್ತ್. ಹೊಸ ನೋಟ್ಸ್ ಹಿಡಿದು ಹೋದವನು 7 ಮತ್ತು 8ನೇ ಪ್ರಶ್ನೆ ನೋಡಿ ಕೈಕಟ್ಟಿ ಕೂರ್ತಾನೆ. 2022ರ ಕಂಪ್ಯೂಟರ್ ಸೈನ್ಸ್ ಗಣಿತ BCS301 ಅಂತೂ ಪೂರ್ತಿ ಪ್ರಾಬಬಿಲಿಟಿ, ಸ್ಟಾಟಿಸ್ಟಿಕ್ಸ್, ಅದನ್ನ ಮುಟ್ಟಲೇಬೇಡಿ.

ವಿಚಿತ್ರ ಅಂದರೆ ಈ ನಾಲ್ಕನೇ ಮಾಡ್ಯೂಲೇ ಸುಲಭವಾಗಿ ಅಂಕ ಕೊಡೋದು. ಮಿಲ್ನೆಗೆ ಎರಡೇ ಸೂತ್ರ:

```
y4(p) = y0 + (4h/3)(2f1 - f2 + 2f3)
y4(c) = y2 + (h/3)(f2 + 4f3 + f4)
```

ಒಂದು ಲೆಕ್ಕ ಮಾಡಿಸಿ. y' = x - y², y(0)=0, y(0.2)=0.02, y(0.4)=0.0795, y(0.6)=0.1762, y(0.8) ಬೇಕು. f1, f2, f3 ಕ್ರಮವಾಗಿ 0.1996, 0.3937, 0.5690. ಮೊದಲ ಸೂತ್ರಕ್ಕೆ 0.3049 ಬರುತ್ತೆ. ಅದರಿಂದ f4 = 0.7070, ಎರಡನೇ ಸೂತ್ರಕ್ಕೆ 0.3046. ಆ 0.3046 ಹಾಕಿ f4 ಮತ್ತೊಮ್ಮೆ ತೆಗೆದು ಎರಡನೇ ಸೂತ್ರ ಇನ್ನೊಮ್ಮೆ ಹಾಕಬೇಕು, ಮತ್ತೆ 0.3046 ಬಂದರೆ ನಿಲ್ಲಿಸಿ. ತಪ್ಪು ಆಗೋದು ಎರಡೇ ಕಡೆ. f2 ಮುಂದಿನ ಮೈನಸ್ ಮರೆತರೆ ಮೊದಲ ಉತ್ತರವೇ ದೊಡ್ಡದಾಗುತ್ತೆ, ಎರಡು ಉತ್ತರ ದೂರ ದೂರ ಬರುತ್ತವೆ, ಅದರಿಂದಲೇ ಗೊತ್ತಾಗುತ್ತೆ. ಸೈನ್, ಕಾಸ್ ಇರೋ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿ ಇರಬೇಕು.

2021 ಅಡ್ಮಿಶನ್, ಇಯರ್ ಬ್ಯಾಕ್: ಇದೆಲ್ಲಾ ಒಂದೇ ಸ್ಕೀಮಿನಲ್ಲಿ ಇದ್ದವರಿಗೆ. ನಾನು 2021ಕ್ಕೆ ಸೇರಿ ಇಯರ್ ಬ್ಯಾಕ್ ಆಗಿ 2022ರ ಬ್ಯಾಚಿಗೆ ಬಿದ್ದೆ. ಮೊದಲ ವರ್ಷದ ಬ್ಯಾಕ್ ಹಳೇ ಕೋಡಿನಲ್ಲೇ ಬರೀತೀಯ ಅಂತ ಒಬ್ಬರು, ಹೊಸ ಸ್ಕೀಮಿನ ಸಮಾನ ವಿಷಯ ಬರೀಬೇಕು ಅಂತ ಇನ್ನೊಬ್ಬರು. ಕಾಲೇಜು ಹೆಸರು ಹೇಳಲ್ಲ, ಎರಡು ಸಲ ಫೀಸು ಕಟ್ಟಿಸಿದರು.

ಹಳೇ ಬ್ಯಾಚು 2010: ನಮ್ಮಲ್ಲೂ ಹಂಗೇ. ಹಳೇ ಕೋಡೇ.

ಗಣಿತ ಮೇಷ್ಟ್ರು, ದಾವಣಗೆರೆ: ಹಾಗೆ ಒಂದೇ ಮಾತಲ್ಲಿ ಹೇಳಬೇಡಿ ಸರ್. ಬ್ಯಾಚು ಬದಲಾದವರದ್ದು ಬೇರೆ. ವಿಷಯವಾರು ಸಮಾನತೆಯ ಪಟ್ಟಿ ಬರಹದಲ್ಲಿ ಕೇಳಿ ತಗೊಳ್ರಿ, ಬಾಯಿಮಾತು ನಂಬಬೇಡಿ.

2021 ಅಡ್ಮಿಶನ್, ಇಯರ್ ಬ್ಯಾಕ್: ಕೇಳಿದ್ದೀನಿ ಸರ್, ಮೂರು ವಾರ ಆಯ್ತು.

ಕೇಳಿದವರು: ಅವನಿಗೆ ಇನ್ನೆಷ್ಟು ಸಮಯ ಇದೆ?

ಗಣಿತ ಮೇಷ್ಟ್ರು, ದಾವಣಗೆರೆ: ಸೇರಿದ ವರ್ಷದಿಂದ ಎಂಟು ವರ್ಷ. 2020-21ರಿಂದ ಎಣಿಸಿದರೆ 2027-28ರ ತನಕ. ಆದರೆ ಕಾಯಬೇಡಿ, ಹಳೇ ಸ್ಕೀಮಿನ ಪ್ರಶ್ನೆಪತ್ರಿಕೆ, ನೋಟ್ಸ್ ವರ್ಷ ಕಳೆದಂತೆ ಸಿಗೋದು ಕಷ್ಟ. ಹದಡಿ ರೋಡಿನ ಜೆರಾಕ್ಸ್ ಅಂಗಡಿಗಳಲ್ಲಿ ಕೇಳಿ ನೋಡ್ರಿ, ಪುಟದ ಮೇಲೆ 18MAT31 ಅಂತ ಅಚ್ಚಾಗಿದ್ದರೆ ಮಾತ್ರ ತಗೊಳ್ರಿ. ಎಕ್ಸಾಂ ಅರ್ಜಿ ತುಂಬುವಾಗಲೂ, ಹಾಲ್ ಟಿಕೆಟ್ ಬಂದಾಗಲೂ ಅದೇ ಕೋಡ್ ನೋಡಿಕೊಳ್ಳಲಿ. ಹಾಲಿನಲ್ಲಿ ಬೇರೆ ಕೋಡಿನ ಪೇಪರ್ ಕೈಗೆ ಬಂದರೆ ಒಂದಕ್ಷರವೂ ಬರೆಯದೆ ಮೇಲ್ವಿಚಾರಕರಿಗೆ ಹೇಳಲಿ, ಬರೆದ ಮೇಲೆ ಹೇಳಿದರೆ ತುಂಬಾ ಅಲೆದಾಟ.