9ರಿಂದ 2ಕ್ಕ ಇಳಿದ ಗೆರಿ ಯಾವ ಗುಂಪಿಂದು?

ಪ್ರಶ್ನೆ (ಬಿ.ಎಸ್ಸಿ. ವಿದ್ಯಾರ್ಥಿನಿ, ಹುಬ್ಬಳ್ಳಿ): ಸರ, ಹೈಡ್ರೋಜನ್ ಎಲೆಕ್ಟ್ರಾನ್ n=9ರಿಂದ n=2ಕ್ಕ ಇಳಿದಾಗ ಬರೋ ಗೆರಿ ಯಾವ ಗುಂಪಿಗೆ ಸೇರ್ತದ? ನನಗ 383.7 ನ್ಯಾನೊಮೀಟರ್ ಬಂತು. ಬಾಮರ್ ಶ್ರೇಣಿ ಅಲ್ಲಾ, ಅದಕ್ಕ ‘ದೃಗ್ಗೋಚರ’ ಅಂತ ಬರದೆ. ಕೀ ಆನ್ಸರ್‌ನ್ಯಾಗ ‘ನೇರಳಾತೀತ’ ಅದ. ಗೆಳತಿಗೆ 7021 ಬಂದದ, ಆಕಿ ‘ಅವಕೆಂಪು’ ಅಂತಾಳ. ಯಾರದು ಖರೇ?

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಧಾರವಾಡ: ಮೊದಲ ಗೆಳತಿ ಲೆಕ್ಕ ಮುಗಿಸೋಣು ತಂಗಿ. ಆಕಿ ಎರಡು ಭಿನ್ನರಾಶಿ ಕಳಿಯೂದು ಬಿಟ್ಟು ಛೇದಗಳನ್ನ ಕಳದಾಳ. 81ರಾಗ 4 ಹೋದ್ರ 77, ಅದಕ್ಕ 91.18 ಗುಣಿಸಿದ್ರ 7021. ನಲವತ್ತು ಮಂದಿ ಕ್ಲಾಸಿನ್ಯಾಗ ಹತ್ತು ಮಂದಿ ಇದನ್ನ ಮಾಡ್ತಾರ. ನಾನು ಹುಡುಗರಿಗೆ ಸೂತ್ರಾನ ತಿರುವಿ ಕೊಡ್ತಿದ್ದೆ:

```
λ = 91.18 × n1² × n2² / (n2² − n1²)   nm
```

4 × 81 = 324. ಅದನ್ನ 77ರಿಂದ ಭಾಗಿಸಿದ್ರ 4.208. ಗುಣಿಸಿದ್ರ 383.7. ನಿನ್ನ ಲೆಕ್ಕ ಸರಿ ಅದ.

ಉತ್ತರ ತಪ್ಪಿದ್ರ ಹೆಂಗ ಗೊತ್ತಾಗ್ತದ? ಶ್ರೇಣಿಯ ಎರಡೂ ತುದಿ ತಗದಿಟ್ಕೊ. ಬಾಮರ್‌ಗೆ 3ರಿಂದ 2ಕ್ಕ ಇಳಿದ್ರ 656.5, ಅದು ಉದ್ದನ ತುದಿ. ಅನಂತದಿಂದ ಇಳಿದ್ರ 91.18 × 4, ಅಂದ್ರ 364.7, ಅದು ಗಿಡ್ಡ ತುದಿ. ಬಾಮರ್ ಗೆರಿ ಯಾವುದೂ ಈ ಎರಡರ ಹೊರಗ ಹೋಗಂಗಿಲ್ಲ. 7021 ನೋಡಿದ ಕೂಡಲೇ ಪೆನ್ನು ನಿಲ್ಲಬೇಕಿತ್ತು.

ನೀ ಎಡವಿದ್ದು ಹೆಸರಿನ ಮ್ಯಾಲೆ. ಗುಂಪು ಹೇಳೂದು ತರಂಗದೂರ, ಶ್ರೇಣಿಯ ಹೆಸರಲ್ಲ. ಬಾಮರ್‌ದ ಮೊದಲ ನಾಕು ಗೆರಿ 656.5, 486.3, 434.2, 410.3. ಇವು ಕಣ್ಣಿಗೆ ಕಾಣ್ತಾವ. ಮುಂದ 397.1, 389.0, 383.7 ಹಿಂಗ ಒಂದರ ಮ್ಯಾಲೊಂದು ಒತ್ತಿಕೋತ 364.7ರ ಕಡೆ ಹೋಗ್ತಾವ. ಆ ದಟ್ಟಣಿ ಅಷ್ಟೂ ನೇರಳಾತೀತದ ದಂಡಿಗೇ ಬೀಳ್ತದ.

ಟ್ಯೂಷನ್ ಮೇಷ್ಟ್ರು, ಹಾವೇರಿ: ಸರ್, ಮಕ್ಕಳಿಗೆ ಇಷ್ಟು ಗೊಂದಲ ಯಾಕೆ? ಲೈಮನ್ ನೇರಳಾತೀತ, ಬಾಮರ್ ದೃಗ್ಗೋಚರ, ಪ್ಯಾಶನ್, ಬ್ರಾಕೆಟ್, ಫಂಡ್ ಅವಕೆಂಪು. ಒಂದು ಶ್ರೇಣಿ ಮುಗಿದ ಮೇಲೆ ಇನ್ನೊಂದು ಶುರು. ನಾನು ಹೀಗೇ ಬಾಯಿಪಾಠ ಮಾಡಿಸ್ತೀನಿ, ಅಂಕ ಬರ್ತಾವೆ.

ಉಪನ್ಯಾಸಕ: ಲೈಮನ್ ಮಾತು ಪೂರಾ ಸರಿ ಮೇಷ್ಟ್ರ, ಅದು 121.6ರಿಂದ 91.2ರೊಳಗ ಮುಗೀತದ. ಪ್ಯಾಶನ್ ಗಿಡ್ಡ ತುದೀನೂ 820.6, ಅಂದ್ರ ಅವಕೆಂಪೇ. ಗಡಿ ದಾಟೂದು ಬಾಮರ್ ಒಂದ. ಆದ್ರ ‘ಒಂದು ಮುಗಿದ ಮ್ಯಾಲೆ ಇನ್ನೊಂದು’ ಅನ್ನೂದು ಮೊದಲ ಮೂರಕ್ಕಷ್ಟೇ ನಡೀತದ. ಬ್ರಾಕೆಟ್‌ನ ಗಿಡ್ಡ ತುದಿ 1459, ಪ್ಯಾಶನ್‌ನ ಉದ್ದನ ಗೆರಿ 1876. ಒಂದರೊಳಗೊಂದು ಹೊಕ್ಕಾವ.

ಲ್ಯಾಬ್ ಸಹಾಯಕ, ಗದಗ: ನಮ್ಮ ಕಾಲೇಜಿನ್ಯಾಗ ಹೈಡ್ರೋಜನ್ ಟ್ಯೂಬ್ ಹಚ್ಚಿ ಗ್ರೇಟಿಂಗ್ ಇಟ್ರ ಹುಡುಗರಿಗೆ ಮೂರ ಗೆರಿ ಸಿಗ್ತಾವ್ರೀ: ಕೆಂಪು, ಹಸಿರು ಬೆರೆತ ನೀಲಿ, ನೇರಳೆ. 410ರದ್ದು ಕಿಡಕಿಗೆ ಕರೇ ಬಟ್ಟಿ ಕಟ್ಟಿದ್ರಷ್ಟ ಒಬ್ರಿಬ್ಬರಿಗೆ ಕಾಣ್ತದ. ಕೆಂಪಿನ ಸುತ್ತ ಮಬ್ಬು ಗೆರಿ ಬ್ಯಾರೆ ಬರ್ತಾವ. ಲೈಮನ್ ಗೆರಿ ಮಾತ್ರ ಒಮ್ಮೆನೂ ಕಂಡಿಲ್ಲ. ನಮ್ಮ ಟ್ಯೂಬ್ ಹಳೇದಾಗ್ಯಾವೋ ಏನೋ. ಇನ್ನೊಂದು, ನಮ್ಮ ಚಾರ್ಟಿನ್ಯಾಗ ಕೆಂಪು 656.3 ಅದ, ನಿಮ್ಮದು 656.5.

ಉಪನ್ಯಾಸಕ: ಟ್ಯೂಬ್ ಬದಲಿಸಬ್ಯಾಡ್ರಿ! ನೇರಳಾತೀತ ಕಣ್ಣಿಗೆ ಕಾಣಂಗಿಲ್ಲ. ಅದಕ್ಕಿಂತ ಮೊದಲ, ಲೈಮನ್ ಬೆಳಕನ್ನ ಟ್ಯೂಬಿನ ಗಾಜೇ ನುಂಗ್ತದ. ಉಳಿದಿದ್ರೂ ಗಾಳಿಯೊಳಗಿನ ಆಮ್ಲಜನಕ ಬಿಡ್ತಿರಲಿಲ್ಲ. ಬಾಮರ್ ಸೂತ್ರ 1885ರಾಗ ಬಂತು, ಲೈಮನ್ ಗೆರಿ ಸಿಕ್ಕಿದ್ದು 1906ರಾಗ, ಅದೂ ಉಪಕರಣದೊಳಗಿನ ಗಾಳಿ ತಗದ ಮ್ಯಾಲೆ. ಕೆಂಪಿನ ಸುತ್ತಿನ ಮಬ್ಬು ಒಡೀದೆ ಉಳಿದ ಹೈಡ್ರೋಜನ್ ಅಣುವಿಂದು. ಇನ್ನು 656.3 ಗಾಳಿಯೊಳಗ ಅಳೆದದ್ದು, ಸೂತ್ರ ಕೊಡೂದು ನಿರ್ವಾತದ್ದು. ಇಬ್ಬರದೂ ಸರಿ.

ವಿದ್ಯಾರ್ಥಿನಿ: ಹಂಗಾರ ಕೀ ಆನ್ಸರ್ ಸರಿ ಏನ್ರಿ ಸರ?

ಉಪನ್ಯಾಸಕ: ಗಡಿ ಎಲ್ಲಿ ಹಾಕಿದಿ ಅನ್ನೂದರ ಮ್ಯಾಲೆ ಅದ. ಕಾಣೋ ಬೆಳಕು 400ರಿಂದ ಅಂತ ಹಿಡಿದ್ರ 383.7 ನೇರಳಾತೀತ, ಕೀ ಸರಿ. ಕೆಲವು ಪುಸ್ತಕ 380ರಿಂದ ಹಿಡೀತಾವ, ಆಗ ನಿಂದು ಸರಿ. ಆ ಗಡಿಗೆ ಇನ್ನೊಂದು ಮಜಾ ನೋಡು: 10ರಿಂದ 2ಕ್ಕ ಇಳಿದ್ರ 379.9! ಕಣ್ಣೇನು 380ಕ್ಕ ಬಾಗಿಲಾ ಹಾಕಿಕೊಳ್ಳಂಗಿಲ್ಲ, ಅಲ್ಲಿ ಹತ್ತತ್ತರ ಬರೂದರಾಗ ಕುರುಡೇ ಆಗಿರ್ತದ. ಬರಿಯೋ ಪ್ರಶ್ನೆ ಇದ್ರ ‘ಗಡಿ 400 ಎಂದು ತೆಗೆದುಕೊಂಡರೆ’ ಅಂತ ಒಂದು ಸಾಲು ಹಾಕಿ ಉತ್ತರ ಬರಿ.

ವಿದ್ಯಾರ್ಥಿನಿ: ಇದು ನಾಕರಾಗ ಒಂದು ಆರಿಸೋ ಪ್ರಶ್ನೆ ಸರ.

ಉಪನ್ಯಾಸಕ: ಹಂಗಿದ್ರ ನಿಮ್ಮ ಪಠ್ಯಪುಸ್ತಕದಾಗ ಯಾವ ಗಡಿ ಅದ ಅದನ್ನ ಹಿಡಿ. ಗಡಿ ಹೇಳದ ಇಂಥಾ ಪ್ರಶ್ನೆ ಕೇಳಿದ್ದ ತಪ್ಪು ಅಂತ ನನ್ನ ಅಭಿಪ್ರಾಯ.

ಟ್ಯೂಷನ್ ಮೇಷ್ಟ್ರು: ನಾನಂತೂ ಬಾಮರ್ ಅಂದ್ರೆ ದೃಗ್ಗೋಚರ ಅಂತಲೇ ಹೇಳಿಸ್ತೀನಿ ಸರ್. ಬ್ರಾಕೆಟ್ ಮಾತು ಮಾತ್ರ ನಾಳೆ ತಿದ್ದಿಸ್ತೀನಿ.